ಬೀಗ ಹಾಕಿದ ಫ್ಲ್ಯಾಟ್‌ನಲ್ಲಿ ಕರೆಂಟ್ ಟ್ರಿಪ್ ಆದರೆ 'ಡೈರೆಕ್ಟ್' ಮಾಡಿಸಬೇಡಿ

ದಾವಣಗೆರೆಯಲ್ಲಿ ಫ್ಲ್ಯಾಟ್ ತಗೊಂಡು, ಅದಕ್ಕೆ ಬೀಗ ಹಾಕಿ ಹೊರದೇಶದಲ್ಲೋ ಬೆಂಗಳೂರಲ್ಲೋ ಇರುವವರು ತುಂಬಾ ಜನ ಇದ್ದೀರಿ. ಅಂಥ ಮನೆಯ ಕೀ ಇಟ್ಕೊಂಡು ಆಗಾಗ ಹೋಗಿ ನೋಡಿ ಬರುವವರೂ ಇದ್ದೀರಿ. ಇಬ್ಬರೂ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಅಣ್ಣ ಅತ್ತಿಗೆಯ ಮನೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು, ಯಾಕಂದ್ರೆ ಇದು ಬರೀ ಬಟ್ಟೆ ಬೀರು ಹಾಳಾದ ಕಥೆ ಅಲ್ಲ, ಜೀವಕ್ಕೇ ಕುತ್ತು ಬರುವಂಥದ್ದು.

ಅಣ್ಣ (ಚಿಕ್ಕಮ್ಮನ ಮಗ) ಕುವೈತ್‌ನಲ್ಲಿದ್ದಾನೆ. ಎಂಸಿಸಿ ಬಿ ಬ್ಲಾಕ್‌ನಲ್ಲಿ ಎರಡನೇ ಮಹಡಿಯಲ್ಲಿ ಅವರದೊಂದು ಫ್ಲ್ಯಾಟ್. ನಾನಿರೋದು ಹರಿಹರದಲ್ಲಿ. ಮನೆ ನೋಡಿಕೊಳ್ಳೋಕೆ ಅವರು ಊರಲ್ಲೇ ಒಬ್ಬರಿಗೆ ತಿಂಗಳಿಗಿಷ್ಟು ಅಂತ ದುಡ್ಡು ಕೊಡುತ್ತಿದ್ದರು. ಅವರು ತಿಂಗಳಿಗೊಮ್ಮೆ ಹೋಗಿ ಕಿಟಕಿ ತೆಗೆದು, ಕಸ ಗುಡಿಸಿ, ವಾಟ್ಸಾಪಿಗೆ ಫೋಟೋ ಹಾಕುತ್ತಿದ್ದರು. ಹಾಲ್, ಅಡುಗೆಮನೆ, ಬಾಲ್ಕನಿ, ಬಾಗಿಲಲ್ಲಿ ನಿಂತು ತೆಗೆದ ಎರಡು ಬೆಡ್‌ರೂಮ್. ಎಲ್ಲಾ ಚೆನ್ನಾಗೇ ಕಾಣುತ್ತಿತ್ತು.

ಡಿಸೆಂಬರ್‌ನಲ್ಲಿ ಅವರಿಂದ ಒಂದು ಮೆಸೇಜು ಬಂತು: "ಸರ್, ಮೇನ್ ಮತ್ತೆ ಮತ್ತೆ ಟ್ರಿಪ್ ಆಗ್ತಾ ಇತ್ತು. ಎಲೆಕ್ಟ್ರಿಶಿಯನ್ ಕರೆಸಿ ಸರಿ ಮಾಡ್ಸೀನಿ, ಈಗ ಕರೆಂಟ್ ಐತಿ, ಎಂಟುನೂರು ಆತು." ಅಣ್ಣ ಥ್ಯಾಂಕ್ಸ್ ಹೇಳಿ ದುಡ್ಡು ಹಾಕಿದ. ದೂರ ಇರುವವರು ಇನ್ನೇನು ಮಾಡ್ತಾರೆ ಹೇಳಿ.

ಏಪ್ರಿಲ್‌ನಲ್ಲಿ ಮದುವೆಗೆ ಬರ್ತೀವಿ, ಮನೆ ಒಂದು ಸಲ ಕ್ಲೀನ್ ಮಾಡಿಸಿಡು ಅಂತ ಅತ್ತಿಗೆ ಎರಡನೇ ಕೀ ನನಗೆ ಕೊಡಿಸಿದರು. ಬಾಗಿಲು ತೆಗೆದ ಕೂಡಲೇ ಹಸಿ ಮಣ್ಣಿನ ವಾಸನೆ ಹೊಡೀತು. ಏಪ್ರಿಲ್ ಬಿಸಿಲಲ್ಲಿ ದಾವಣಗೆರೆಯ ಮನೆಯೊಳಗೆ ಆ ವಾಸನೆ ಬರಲೇಬಾರದು. ಎರಡನೇ ಬೆಡ್‌ರೂಮಿನಲ್ಲಿ ಗೋಡೆಗೆ ಸೇರಿಸಿ ಮಾಡಿಸಿದ ಪ್ಲೈವುಡ್ ವಾರ್ಡ್‌ರೋಬ್ ಇದೆ. ಬಾಗಿಲು ಉಬ್ಬಿ ಬಿಗಿಯಾಗಿತ್ತು, ಎಳೆದಾಗ ಕೆಳಗಿನ ಹಿಂಜ್ ಸ್ಕ್ರೂ ಸಮೇತ ಕೈಗೇ ಬಂತು. ಒಳಗೆ ಅತ್ತಿಗೆಯ ರೇಷ್ಮೆ ಸೀರೆಗಳ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅಂಚಿನ ಮೇಲೆ ಬೂದು ಬಣ್ಣದ ಬೂಷ್ಟು. ಹಿಂದಿನ ಪ್ಲೈ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು, ಮೂಲೆಯಲ್ಲಿ ಗೆದ್ದಲು ಮಣ್ಣಿನ ಗೆರೆ ಕಟ್ಟಿಕೊಂಡು ಮೇಲೆ ಹತ್ತಿತ್ತು. ಬಾಗಿಲಲ್ಲಿ ನಿಂತು ಫೋಟೋ ತೆಗೆದರೆ ಇದ್ಯಾವುದೂ ಕಾಣೋದಿಲ್ಲ.

ನಾನು ಕರೆದ ಎಲೆಕ್ಟ್ರಿಶಿಯನ್ ಸ್ವಲ್ಪ ವಯಸ್ಸಾದವರು. ಗೋಡೆ ನೋಡಿದವರೇ, "ಮುಟ್ಟಬ್ಯಾಡ್ರಿ, ಮೊದಲು ಮೇನ್ ಇಳಿಸ್ರಿ" ಅಂದರು. ಆಮೇಲೆ ಡಿಬಿ, ಅಂದರೆ ಮನೆಯ ಎಲ್ಲಾ ಲೈನಿನ ಸ್ವಿಚ್ಚುಗಳಿರುವ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಅಲ್ಲಿತ್ತು ಅಸಲು ವಿಷಯ. ಆರ್‌ಸಿಸಿಬಿ ಇದ್ದ ಜಾಗದಲ್ಲೇ ಇದೆ, ಲಿವರ್ ಮೇಲಕ್ಕೇ ಇದೆ, ಆದರೆ ಅದರ ಎರಡೂ ವೈರ್ ಕಿತ್ತು ಹೊರಗಿನಿಂದಲೇ ಜೋಡಿಸಿ ನೇರ ಎಂಸಿಬಿಗಳಿಗೆ ಕೊಟ್ಟಿದ್ದಾರೆ. ಇದಕ್ಕೇ 'ಡೈರೆಕ್ಟ್' ಮಾಡೋದು ಅಂತಾರೆ. ಅಂದರೆ ಪೆಟ್ಟಿಗೆಯಲ್ಲಿ ಅದು ಸುಮ್ನೆ ಕೂತಿದೆ, ಕೆಲಸವೇ ಇಲ್ಲ. ಡಿಸೆಂಬರ್‌ನಲ್ಲಿ 'ಸರಿ ಮಾಡಿಸಿದ್ದು' ಇದನ್ನೇ.

ಗೊತ್ತಿಲ್ಲದವರಿಗಾಗಿ ಹೇಳ್ತೀನಿ. ಎಂಸಿಬಿ ಬೀಳೋದು ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ. ಆರ್‌ಸಿಸಿಬಿ ಬೇರೆ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರುತ್ತಿದೆಯಾ ಅಂತ ಅದು ನೋಡ್ತಾ ಇರುತ್ತೆ. ಮನೆಗಳಿಗೆ ಹಾಕೋದು ಸಾಮಾನ್ಯವಾಗಿ 30 ಮಿಲಿಆಂಪ್‌ನದು. ಅಷ್ಟು ಕರೆಂಟು ಗೋಡೆಯ ಮೂಲಕವೋ ಮನುಷ್ಯನ ಮೈ ಮೂಲಕವೋ ನೆಲಕ್ಕೆ ಸೋರಿದರೆ ಅದು ಬೀಳುತ್ತೆ. ಖಾಲಿ ಮನೆ, ಫ್ರಿಜ್ ಆಫ್, ಗೀಸರ್ ಆಫ್, ಆದರೂ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳ್ತಿದೆ ಅಂದರೆ ಬಹುಪಾಲು ವೈರಿಂಗ್ ಪೈಪಿಗೋ ಸ್ವಿಚ್ ಬೋರ್ಡಿಗೋ ನೀರು ಸೇರಿದೆ ಅಂತ ಅರ್ಥ. ಡಿಸೆಂಬರ್‌ನಲ್ಲಿ ಅದು ಗೋಡೆ ನೆಂದಿದೆ ಅಂತಲೇ ಹೇಳ್ತಾ ಇತ್ತು. ಆಗಲೇ ವಾರ್ಡ್‌ರೋಬ್ ತೆಗೆದು ನೋಡಿದ್ದರೆ ಸೀರೆಯೂ ಉಳಿಯುತ್ತಿತ್ತು, ಪ್ಲೈಯೂ ಉಳಿಯುತ್ತಿತ್ತು. ಅದರ ಬದಲು ಅದರ ಬಾಯಿ ಮುಚ್ಚಿಸಿ, ನೆಂದ ಗೋಡೆಯಲ್ಲಿ ನಾಲ್ಕು ತಿಂಗಳು ಕರೆಂಟು ಹರಿಯೋಕೆ ಬಿಟ್ಟರು. ಅದಕ್ಕೆ ಎಂಟುನೂರು ರೂಪಾಯಿ ಬೇರೆ. ಆ ಗೋಡೆಯ ಆಚೆ ಬಾತ್‌ರೂಮು. ಮದುವೆಗೆ ಬಂದ ಮಕ್ಕಳು ಒದ್ದೆ ಕೈಯಲ್ಲಿ ಆ ಗೋಡೆ ಮುಟ್ಟಿದ್ದರೆ? ನನಗೆ ಇವತ್ತಿಗೂ ಸಿಟ್ಟು ಬರೋದು ಇದಕ್ಕೇ.

ಇನ್ನೊಂದು ಸುಳಿವು ಬೆಸ್ಕಾಂ ಬಿಲ್‌ನಲ್ಲೇ ಇತ್ತು. ಮನೆ ಖಾಲಿ ಇದ್ದರೂ ಫಿಕ್ಸೆಡ್ ಚಾರ್ಜ್ ಬಂದೇ ಬರುತ್ತೆ, ಅದು ತಾನಾಗೇ ಬ್ಯಾಂಕಿನಿಂದ ಕಟ್ ಆಗುತ್ತಿತ್ತು, ಹಾಗಾಗಿ ಯಾರೂ ಯೂನಿಟ್ ನೋಡಿರಲಿಲ್ಲ. ನಾನು ಹಳೇ ಬಿಲ್ ತೆಗೆದು ನೋಡಿದೆ. ಡಿಸೆಂಬರ್‌ವರೆಗೆ 0 ಅಥವಾ 1 ಯೂನಿಟ್. ಆಮೇಲೆ 4, 9, 13. ಯಾರೂ ಇಲ್ಲದ ಮನೆಯಲ್ಲಿ 13 ಯೂನಿಟ್ ಎಲ್ಲಿಗೆ ಹೋಯ್ತು? ಲೆಕ್ಕ ಸುಲಭ. 80 ಮಿಲಿಆಂಪ್ ಸೋರಿದರೆ 230 ವೋಲ್ಟ್‌ಗೆ ಸುಮಾರು 18 ವ್ಯಾಟ್. ಅದು ಹಗಲೂ ರಾತ್ರಿ ಹರಿದರೆ ತಿಂಗಳಿಗೆ 13 ಯೂನಿಟ್. ಒಂದು ಸಣ್ಣ ಬಲ್ಬಿನಷ್ಟು, ಅದಕ್ಕೇ ಎಂಸಿಬಿ ಬೀಳಲಿಲ್ಲ.

ನಂಬಿಕೆ ಬರಲಿ ಅಂತ ಎಲೆಕ್ಟ್ರಿಶಿಯನ್ ಮೇನ್ ಸ್ವಲ್ಪ ಹೊತ್ತು ಹಾಕಿ, ಮನೆಯ ಎಲ್ಲಾ ಸ್ವಿಚ್ ಆಫ್ ಮಾಡಿ, ನನ್ನನ್ನು ಕೆಳಗೆ ಮೀಟರ್ ಬೋರ್ಡಿನ ಹತ್ತಿರ ಕರ್ಕೊಂಡು ಹೋದರು. ಮೀಟರ್ ಮೇಲೆ ಒಂದು ಕೆಂಪು ಲೈಟ್ ಇರುತ್ತಲ್ಲ, ಪಕ್ಕದಲ್ಲಿ ಯೂನಿಟ್‌ಗೆ 3200 ಸಲ ಅಂತ ಬರೆದಿತ್ತು. ಏನೂ ಓಡದಿದ್ದರೆ ಅದು ಮಿನುಗಬಾರದು. ಇದು ಹತ್ತಿರ ಹತ್ತಿರ ನಿಮಿಷಕ್ಕೊಂದು ಸಲ ಮಿನುಗುತ್ತಿತ್ತು. ಮೇಲೆ ಹೋಗಿ ಒಂದೊಂದೇ ಎಂಸಿಬಿ ಇಳಿಸುತ್ತಾ ಬಂದಾಗ ಎರಡನೇ ಬೆಡ್‌ರೂಮಿನದು ಇಳಿಸಿದ ಮೇಲೆ ಮಿನುಗೋದು ನಿಂತಿತು. ಸ್ವಿಚ್ ಎಲ್ಲಾ ಆಫ್ ಇದ್ದರೂ ಫೇಸ್ ವೈರ್ ಬೋರ್ಡಿನ ಒಳಗಿನ ತನಕ ಬಂದೇ ಇರುತ್ತೆ ನೋಡಿ, ಸೋರಿದ್ದು ಅಲ್ಲಿಂದ. ಕೊನೆಗೆ ಮೇನ್ ಇಳಿಸಿ, ವೈರಿನ ಇನ್ಸುಲೇಶನ್ ಅಳೆಯುವ ಮೆಗ್ಗರ್ ಅನ್ನು ಆ ಲೈನಿಗೆ ಇಟ್ಟರು. ಕನಿಷ್ಠ ಒಂದು ಮೆಗಾಓಮ್ ತೋರಿಸಬೇಕಾದ ಕಡೆ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ.

ಈಗ ನೀರಿನ ವಿಷಯ. "ನಮ್ಮದು ಬಯಲುಸೀಮೆ, ಇಲ್ಲಿ ಮಲೆನಾಡಿನ ಹಂಗೆ ಎಲ್ಲಿ ತೇವ" ಅಂತ ಎಲ್ಲರೂ ಅಂತಾರೆ. ಮಳೆಯ ತೇವ ಕಡಿಮೆ, ನಿಜ. ಆದರೆ ಫ್ಲ್ಯಾಟ್‌ನಲ್ಲಿ ಮೇಲಿನ ಮನೆಯವರ ಬಾತ್‌ರೂಮು ವರ್ಷವಿಡೀ ಓಡುತ್ತೆ. ಬಾತ್‌ರೂಮಿನ ಕೆಳಗೆ ಸ್ಲ್ಯಾಬ್ ತಗ್ಗು ಮಾಡಿ ಪೈಪು ಹಾಯಿಸಿ ಮೇಲೆ ಇಟ್ಟಿಗೆ ಚೂರು ತುಂಬಿರುತ್ತಾರೆ. ಅಲ್ಲಿ ನೆಲದ ನೀರು ಹೊರಗೆ ಹೋಗುವ ನಹಾನಿ ಟ್ರ್ಯಾಪಿನ ಜಾಯಿಂಟ್ ಬಿಟ್ಟರೆ ನೀರು ಮೊದಲು ಆ ತಗ್ಗು ತುಂಬಿ, ಆಮೇಲೆ ನಿಧಾನಕ್ಕೆ ಪಕ್ಕದ ಗೋಡೆಗೆ ಇಳಿಯುತ್ತೆ. ತಾರಸಿಯ ಲೀಕ್ ಆದರೆ ಮಳೆಗಾಲದಲ್ಲಿ ಬಂದು ಬೇಸಿಗೆಯಲ್ಲಿ ಒಣಗುತ್ತೆ. ಬೇಸಿಗೆಯಲ್ಲೂ ಒದ್ದೆ ಇದೆ ಅಂದರೆ ಪೈಪಿನದು ಅಂತಲೇ ಹಿಡಿಯಿರಿ.

ಮೇಲಿನ ಮನೆಯವರು ಮೊದಲು ಒಪ್ಪಲಿಲ್ಲ, "ನಮ್ಮ ಬಾತ್‌ರೂಮ್ ಒಣಗೇ ಐತಿ ಬಂದು ನೋಡ್ರಿ" ಅಂದರು. ಜಗಳ ಬೇಡ ಅಂತ ಪ್ಲಂಬರ್ ಒಂದು ದಾರಿ ಹೇಳಿದ. ಎರಡು ದಿನ ಆ ಬಾತ್‌ರೂಮ್ ಬಳಸಬೇಡಿ, ನಲ್ಲಿ ಲೈನ್ ಮಾತ್ರ ತೆರೆದಿಡಿ. ಜಿನುಗೋದು ಕಡಿಮೆಯಾದರೆ ಹೊರಗೆ ಹೋಗುವ ಪೈಪಿನ ತಪ್ಪು, ಹಾಗೇ ಇದ್ದರೆ ಒಳಗೆ ಬರುವ ಪ್ರೆಶರ್ ಲೈನಿನದು. ಕಡಿಮೆಯಾಯ್ತು. ಆಮೇಲೆ ಟ್ರ್ಯಾಪಿಗೆ ಬಣ್ಣದ ನೀರು ಸುರಿದರೆ ಮಾರನೇ ದಿನ ನಮ್ಮ ಬಾತ್‌ರೂಮಿನ ಮೇಲ್ಗಡೆ ಮೂಲೆಯಲ್ಲಿ ಅದೇ ಬಣ್ಣ. ಅದಾದ ಮೇಲೆ ಅವರೇ ಟೈಲ್ಸ್ ಒಡೆಸಿ ಜಾಯಿಂಟ್ ಬದಲಿಸಿದರು. ಆ ಮಟ್ಟಿಗೆ ಅವರು ಒಳ್ಳೆಯವರೇ.

ಹಾಗಾದರೆ ಖಾಲಿ ಮನೆಗೆ ಹೋದಾಗ ಏನು ನೋಡಬೇಕು? ಮೇಲೆ ಹತ್ತುವ ಮೊದಲು ಕೆಳಗೆ ಮೀಟರ್ ರೀಡಿಂಗ್ ಫೋಟೋ ತೆಗೀರಿ. ಹೋದ ಸಲಕ್ಕೂ ಈ ಸಲಕ್ಕೂ ವ್ಯತ್ಯಾಸ ಇರಬಾರದು, ಇದ್ದರೆ ಕಾರಣ ಹುಡುಕಬೇಕು. ಬರುವಾಗ ಮೇನ್ ಇಳಿಸಿಯೇ ಬನ್ನಿ, ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಇಲ್ಲಾಂದ್ರೆ ಮೇನ್ ಇಳಿಸಿದರೂ ಅದರ ಲೈನಿನಲ್ಲಿ ಕರೆಂಟು ಇರುತ್ತೆ. ಮುಂದಿನ ಸಲ ಹೋಗಿ ಮೇನ್ ಹಾಕಿದಾಗ ಆರ್‌ಸಿಸಿಬಿ ಬೀಳದೆ ಮೇಲೇ ನಿಲ್ಲುತ್ತಾ ನೋಡಿ. ನಿಂತರೆ ಒಂದು ಲೈಟ್ ಹಾಕಿಟ್ಟು ಅದರ ಮೇಲಿರುವ T ಬಟನ್ ಒತ್ತಿ. ಲಿವರ್ ಟಪ್ ಅಂತ ಬಿದ್ದು ಲೈಟೂ ಆರಬೇಕು. ಬೀಳದಿದ್ದರೆ, ಅಥವಾ ಬಿದ್ದರೂ ಲೈಟ್ ಉರೀತಾನೇ ಇದ್ದರೆ, ಅದು ಕೆಟ್ಟಿದೆ ಇಲ್ಲವೇ ಯಾರೋ ಡೈರೆಕ್ಟ್ ಮಾಡಿದ್ದಾರೆ.

ಆದರೆ ವೈರಿನ ತನಕ ಹೋಗದ ತೇವ ಆರ್‌ಸಿಸಿಬಿಗೆ ಗೊತ್ತಾಗಲ್ಲ. ಅದಕ್ಕೇ ಮೇನ್ ಇಳಿಸಿ, ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ವಾರ್ಡ್‌ರೋಬ್ ಬಾಗಿಲು ಪ್ರತಿಯೊಂದೂ ತೆಗೆದು, ಬಾತ್‌ರೂಮಿನ ಪಕ್ಕದ ಗೋಡೆಯನ್ನು ಅಂಗೈಯಲ್ಲಿ ಮುಟ್ಟಿ ನೋಡಬೇಕು. ಪೇಂಟ್ ಗುಳ್ಳೆ ಎದ್ದಿದೆಯಾ, ಬಿಳಿ ಉಪ್ಪಿನ ಪುಡಿ ಉದುರಿದೆಯಾ ನೋಡಿ. ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಗೋಡೆ ಕಡೆಯ ಮುಖದಲ್ಲಿ ಹನಿ ಕಟ್ಟಿದರೆ ನೀರು ಗೋಡೆಯ ಒಳಗೇ ಇದೆ. ಬರುವಾಗ ವಾರ್ಡ್‌ರೋಬ್ ಬಾಗಿಲು ತೆರೆದೇ ಬಿಟ್ಟು ಬನ್ನಿ, ಪ್ರತಿ ನಹಾನಿಗೂ ಒಂದೊಂದು ಚೆಂಬು ನೀರು ಹಾಕಿ. ಟ್ರ್ಯಾಪಿನ ನೀರು ಬೇಸಿಗೆಯಲ್ಲಿ ಆರಿ ಹೋದರೆ ಜಿರಳೆ, ಗಬ್ಬು ವಾಸನೆ ಎರಡೂ ಮನೆಯೊಳಕ್ಕೆ.

ಅಣ್ಣನ ಮನೆಯಲ್ಲಿ ವಾರ್ಡ್‌ರೋಬ್ ಪೂರ್ತಿ ಕಿತ್ತೆವು, ಆ ಲೈನಿನ ವೈರ್ ಬದಲಿಸಿ ಹೊಸ ಆರ್‌ಸಿಸಿಬಿ ಹಾಕಿಸಿದೆವು. ಗೋಡೆಯ ಗಾರೆ ಕೆತ್ತಿಸಿ ಹಾಗೇ ಬಿಟ್ಟಿದ್ದೇವೆ, ಪೇಂಟ್ ಈಗಲೇ ಬೇಡ, ಒಳಗಿನ ನೀರು ಆರೋಕೆ ತಿಂಗಳುಗಟ್ಟಲೆ ಬೇಕು ಅಂತ ಮೇಸ್ತ್ರಿ ಹೇಳಿದ್ದಾರೆ. ಹಸಿಯ ಮೇಲೆ ಪುಟ್ಟಿ ಬಳಿದರೆ ಮತ್ತೆ ಉದುರುತ್ತೆ.

ಹೊಸದಾಗಿ ಯಾರಿಗಾದರೂ ಕೀ ಕೊಡುವುದಿದ್ದರೆ ಮೊದಲೇ ಹೇಳಿ ಕೊಡಿ: ಟ್ರಿಪ್ ಆದರೆ ಮೇನ್ ಇಳಿಸಿ ಫೋನ್ ಮಾಡಬೇಕು, ನಮ್ಮನ್ನು ಕೇಳದೆ ಡಿಬಿ ಮುಚ್ಚಳ ಯಾರೂ ಬಿಚ್ಚಬಾರದು. ಖಾಲಿ ಮನೆಯಲ್ಲಿ ಕರೆಂಟ್ ಇಲ್ಲದಿದ್ದರೆ ಯಾರಿಗೂ ತೊಂದರೆ ಇಲ್ಲ, ಕಸ ಗುಡಿಸೋಕೆ ಕಿಟಕಿ ಬೆಳಕೇ ಸಾಕು. ಈಗಾಗಲೇ ನಿಮ್ಮ ಮನೆಯಲ್ಲಿ 'ಟ್ರಿಪ್ ಆಗ್ತಿತ್ತು, ಸರಿ ಮಾಡ್ಸಿದೀವಿ' ಅಂತ ಯಾರಾದರೂ ಹೇಳಿದ್ದರೆ, ಈ ವಾರವೇ ಒಬ್ಬ ಒಳ್ಳೆ ಎಲೆಕ್ಟ್ರಿಶಿಯನ್ನನ್ನು ಕಳಿಸಿ ಆ ಪೆಟ್ಟಿಗೆ ತೆರೆಸಿ ನೋಡಿ.