ಸಭೆಯ ಸಾರಾಂಶಕ್ಕೆ ಸಮಯ ಹಾಕೋದು ಹೇಗೆ: ನಾನು ಬಳಸಿ ನೋಡಿದ ನಾಲ್ಕು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಓಟ್ರಾನ್ಸ್‌ಕ್ರೈಬ್‌ಗೆ, ಅಂದರೆ ರೆಕಾರ್ಡಿಂಗ್ ಕೇಳುತ್ತಾ ಟೈಪ್ ಮಾಡೋಕೆ ಇರುವ ಒಂದು ವೆಬ್‌ಸೈಟಿಗೆ. ಉಳಿದ ಮೂರರಲ್ಲಿ ಒಂದು ನೋಡೋಕೆ ಇದಕ್ಕಿಂತ ಚೆನ್ನಾಗಿದೆ, ಇನ್ನೊಂದು ಇದಕ್ಕಿಂತ ಶಕ್ತಿವಂತ. ಆದರೂ ನನ್ನ ಕೆಲಸಕ್ಕೆ ಇದೇ ಸರಿ.

ನನ್ನ ಕೆಲಸ ಏನಪ್ಪಾ ಅಂದರೆ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಯ ಸಾರಾಂಶ ಬರೆಯುವುದು. ಎರಡು ಗಂಟೆ ಮಾತು, ಎರಡು ಪುಟ ಬರಹ. ಹಿಂದೆಲ್ಲ ಸಾರಾಂಶ ಹೊರಬಿದ್ದ ಮರುದಿನವೇ ಯಾರಾದರೂ "ಸಾರ್, ನಾನು ಹಾಗೆ ಹೇಳೇ ಇಲ್ಲ" ಅಂತ ಶುರುಮಾಡುತ್ತಿದ್ದರು. ರೆಕಾರ್ಡಿಂಗ್ ಇತ್ತು, ಆದರೆ ಒಂದು ವಾಕ್ಯ ಹುಡುಕೋಕೆ ಎರಡು ಗಂಟೆ ಕೇಳುವವರು ಯಾರು? ಅದಕ್ಕೇ ಪ್ರತಿ ಅಂಶದ ಮುಂದೆ ರೆಕಾರ್ಡಿಂಗ್‌ನ ಸಮಯ ಹಾಕಬೇಕು ಅಂತ ಸಮಿತಿಯಲ್ಲಿ ತೀರ್ಮಾನವಾಯಿತು. ಅನುಮಾನ ಬಂದವರು ನೇರವಾಗಿ ಅಲ್ಲಿಗೆ ಹೋಗಿ ಕೇಳಬಹುದು. ಒಂದು ಒಳ್ಳೆ ವಾಯ್ಸ್ ರೆಕಾರ್ಡರ್ ಕೂಡ ಕೊಂಡೆವು. ಅದರ ಕಥೆ ಮುಂದೆ ಬರುತ್ತದೆ.

ಗೋಡೆ ಗಡಿಯಾರ

ಸಭೆ ನಡೆಯುವಾಗಲೇ ನೋಟ್‌ಬುಕ್ಕಿನಲ್ಲಿ "11:20, ಬೋರ್‌ವೆಲ್" ಅಂತ ಬರೆದುಕೊಂಡು, ಆಮೇಲೆ ರೆಕಾರ್ಡಿಂಗ್ ಶುರುವಾದ ಹೊತ್ತನ್ನು ಕಳೆಯುವುದು. ಖರ್ಚಿಲ್ಲ. ಆದರೆ ಟೀ ಹೊತ್ತಿನಲ್ಲಿ ಯಾರೋ ರೆಕಾರ್ಡರ್ ನಿಲ್ಲಿಸಿದರೆ ಅಲ್ಲಿಂದ ಮುಂದಿನ ಎಲ್ಲ ಲೆಕ್ಕವೂ ಅಷ್ಟು ನಿಮಿಷ ಜಾರುತ್ತದೆ. ಒರಟು ಗುರುತಿಗೆ ಸಾಕು, ಸಾರಾಂಶದಲ್ಲಿ ಅಚ್ಚು ಹಾಕೋಕೆ ಸಾಲದು.

ಯೂಟ್ಯೂಬ್

ಓದುವವರ ಕಡೆಯಿಂದ ನೋಡಿದರೆ ಇದನ್ನು ಮೀರಿಸುವುದು ಯಾವುದೂ ಇಲ್ಲ. ಸಭೆಯ ರೆಕಾರ್ಡಿಂಗನ್ನು ವಿಡಿಯೊ ಮಾಡಿ 'ಅನ್‌ಲಿಸ್ಟೆಡ್' ಆಗಿ ಹಾಕಿ. ಲಿಂಕಿನ ಕೊನೆಗೆ `?t=2890` ಅಂತ, ಲಿಂಕಿನಲ್ಲಿ ಆಗಲೇ ಒಂದು `?` ಇದ್ದರೆ `&t=2890` ಅಂತ ಸೇರಿಸಿದರೆ, ಮುಟ್ಟಿದ ಕೂಡಲೇ 48 ನಿಮಿಷ 10 ಸೆಕೆಂಡಿನಲ್ಲಿ ಮಾತು ಶುರು. ಅಲ್ಲಿ ಹಾಕುವ ಸಂಖ್ಯೆ ಸೆಕೆಂಡಿನ ಲೆಕ್ಕ, ಅಷ್ಟು ನೆನಪಿರಲಿ. ವಿವರಣೆಯಲ್ಲಿ ಸಮಯದ ಪಟ್ಟಿ ಹಾಕಿದರೆ ಅಧ್ಯಾಯಗಳೂ ಮೂಡುತ್ತವೆ. ಮೊದಲ ಸಮಯ 0:00 ಇರಬೇಕು, ಕನಿಷ್ಠ ಮೂರು ಸಮಯ ಇರಬೇಕು, ಒಂದೊಂದು ಭಾಗವೂ ಕನಿಷ್ಠ 10 ಸೆಕೆಂಡ್ ಇರಬೇಕು. ನಮ್ಮ ಬ್ಲಾಕಿನ ಹಿರಿಯರೊಬ್ಬರು, ಮೊಬೈಲಿನಲ್ಲಿ ವಾಟ್ಸಾಪ್ ಬಿಟ್ಟು ಬೇರೇನೂ ತೆರೆಯದವರು, ಇದನ್ನು ಮಾತ್ರ ಯಾರ ಸಹಾಯವೂ ಇಲ್ಲದೆ ಬಳಸಿದರು.

ಎರಡು ತೊಂದರೆ. ಒಂದು, ಅನ್‌ಲಿಸ್ಟೆಡ್ ಅಂದರೆ ಗುಟ್ಟು ಅಲ್ಲ. ಲಿಂಕ್ ಸಿಕ್ಕವರೆಲ್ಲ ಕೇಳಬಹುದು. ನಮ್ಮ ಸಭೆಯಲ್ಲಿ ಯಾರ ಮನೆಯ ಮೇಂಟೆನೆನ್ಸ್ ಎಷ್ಟು ಬಾಕಿ ಅನ್ನೋದೂ ಬಾಯಿಬಿಟ್ಟು ಬರುತ್ತದೆ. ಎರಡು, ಶುರುವಿನ ಹರಟೆಯನ್ನು ಆಮೇಲೆ ಅಲ್ಲಿಯೇ ಕತ್ತರಿಸಿದರೆ ವಿಡಿಯೊದ ವಿಳಾಸ ಹಾಗೇ ಇರುತ್ತದೆ, ಸಮಯ ಮಾತ್ರ ಬದಲಾಗುತ್ತದೆ. ಶುರುವಿನ 6 ನಿಮಿಷ 20 ಸೆಕೆಂಡ್ ತೆಗೆದಿರಿ ಅಂತಿಟ್ಟುಕೊಳ್ಳಿ. 48:10ರ ಮಾತು ಈಗ 41:50ಕ್ಕೆ ಬಂತು. ಹಳೆಯ ಲಿಂಕ್ ಮುಟ್ಟಿದವರು 6 ನಿಮಿಷ ಮುಂದೆ, ಬೇರೆ ಯಾವುದೋ ಜಗಳದ ಮಧ್ಯ ಇಳಿಯುತ್ತಾರೆ. ಲಿಂಕ್ ಕೆಲಸ ಮಾಡುತ್ತಲೇ ಇರುವುದರಿಂದ ತಪ್ಪಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಕತ್ತರಿಸುವುದಿದ್ದರೆ ಹಾಕುವ ಮುಂಚೆಯೇ ಕತ್ತರಿಸಿ.

ಆಡಾಸಿಟಿ

ಧ್ವನಿ ತಿದ್ದುವ ಉಚಿತ ತಂತ್ರಾಂಶ. ಕೇಳುತ್ತಾ `Ctrl+M` ಒತ್ತಿದರೆ ಅಲ್ಲೊಂದು ಲೇಬಲ್ ಬೀಳುತ್ತದೆ, ಹೆಸರು ಬರೆಯಬಹುದು. ಎಲ್ಲ ಲೇಬಲ್‌ಗಳನ್ನೂ ಪಠ್ಯವಾಗಿ ಹೊರತೆಗೆದರೆ ಹೀಗೆ ಬರುತ್ತದೆ:

```
2890.000000	2890.000000	ಬೋರ್‌ವೆಲ್ ಖರ್ಚು
```

ಮತ್ತೆ ಸೆಕೆಂಡ್ ಲೆಕ್ಕ! ನಿಮಿಷಕ್ಕೆ ತಿರುಗಿಸುವ ಕೆಲಸ ನಮ್ಮ ತಲೆಗೆ. ಸಾರಾಂಶವನ್ನು ಬೇರೆ ಕಿಟಕಿಯಲ್ಲಿ ಬರೆಯಬೇಕು. ಧ್ವನಿಯನ್ನೇ ಕತ್ತರಿಸಿ ಜೋಡಿಸುವವರಿಗೆ ಇದು ಬೇಕೇ ಬೇಕು. ಬರೆಯುವುದಷ್ಟೇ ಕೆಲಸ ಅನ್ನುವವರಿಗೆ ಜಾಸ್ತಿಯಾಯಿತು.

ಓಟ್ರಾನ್ಸ್‌ಕ್ರೈಬ್

`otranscribe.com` ಅನ್ನು ಬ್ರೌಸರ್‌ನಲ್ಲಿ ತೆರೆದರೆ ಆಯಿತು. ದುಡ್ಡಿಲ್ಲ. ಆಡಿಯೊ ನಮ್ಮ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮೇಲೆ ಪ್ಲೇಯರ್, ಕೆಳಗೆ ಬರೆಯುವ ಜಾಗ. `Esc` ಒತ್ತಿದರೆ ಮಾತು ನಿಲ್ಲುತ್ತದೆ, ಮತ್ತೆ ಒತ್ತಿದರೆ ಮುಂದುವರಿಯುತ್ತದೆ. `Ctrl+J` ಒತ್ತಿದರೆ ಆ ಕ್ಷಣದ ಸಮಯ ಕರ್ಸರ್ ಇರುವಲ್ಲಿ ಬಂದು ಕೂರುತ್ತದೆ. ಆ ಸಮಯದ ಮೇಲೆ ಕ್ಲಿಕ್ ಮಾಡಿದರೆ ಪ್ಲೇಯರ್ ಅಲ್ಲಿಗೇ ಹೋಗುತ್ತದೆ. ನನಗೆ ಇಷ್ಟವಾಗಿದ್ದು ಇದೇ. ಸಾರಾಂಶ ಮುಗಿದ ಮೇಲೆ ಒಂದೊಂದೇ ಸಮಯ ಕ್ಲಿಕ್ ಮಾಡಿ, ನಾನು ಬರೆದದ್ದು ಅವರು ಹೇಳಿದ್ದಕ್ಕೆ ಹೊಂದುತ್ತದೆಯೇ ಅಂತ ಹಂಚುವ ಮುಂಚೆಯೇ ನೋಡಬಹುದು.

ಬರೆದದ್ದು ಬ್ರೌಸರ್‌ನಲ್ಲೇ ಉಳಿದಿರುತ್ತದೆ. ಬ್ರೌಸರ್‌ನ ಡೇಟಾ ಅಳಿಸಿದರೆ ಅದೂ ಹೋಯಿತು. ಹಾಗಾಗಿ ಎದ್ದು ಹೋಗುವ ಮುಂಚೆ ಹೊರತೆಗೆದು ಇಟ್ಟುಕೊಳ್ಳಿ. ಪಠ್ಯವಾಗಿ ತೆಗೆದಾಗ ಸಮಯಗಳು ಬರೀ ಅಂಕಿಗಳಾಗಿ ಉಳಿಯುತ್ತವೆ, ಓದುವವರು ಮುಟ್ಟಿದರೆ ಹಾರುವುದಿಲ್ಲ. ಅವರು ಪ್ಲೇಯರ್‌ನಲ್ಲಿ ತಾವೇ ಎಳೆದುಕೊಂಡು ಅಲ್ಲಿಗೆ ಹೋಗಬೇಕು.

ಎಳೆದುಕೊಂಡು ಹೋದಾಗ ಆದ ಎಡವಟ್ಟು

ಹೊಸ ರೆಕಾರ್ಡರ್ ಬಂದ ಮೇಲೆ ಮೊದಲ ಸಾರಾಂಶ ಹಂಚಿದ ಸಂಜೆಯೇ ಒಬ್ಬರು ಮೇಡಂ ಫೋನ್ ಮಾಡಿದರು. "ನೀವು ಹಾಕಿರೋ ಸಮಯಕ್ಕೆ ಹೋದರೆ ಪಾರ್ಕಿಂಗ್ ಬಗ್ಗೆ ಮಾತಾಡ್ತಿದ್ದಾರೆ, ಬೋರ್‌ವೆಲ್ ಎಲ್ಲಿದೆ?" ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಫೈಲು, ಅದೇ ಸಮಯ, ಬೋರ್‌ವೆಲ್ಲೇ ಕೇಳುತ್ತಿತ್ತು. ಇನ್ನೊಬ್ಬರ ಫೋನಿನಲ್ಲಿ ಮೂರನೆಯದೇ ಏನೋ. ಸಾರಾಂಶವೇ ಸುಳ್ಳು ಅನ್ನುವವರೆಗೂ ಮಾತು ಹೋಯಿತು.

ಕಾರಣ ಎಂಪಿ3 ಬಗೆಯಲ್ಲಿತ್ತು. ರೆಕಾರ್ಡರ್ ಜಾಗ ಉಳಿಸೋಕೆ 'ವಿಬಿಆರ್' ಬಗೆಯ ಎಂಪಿ3 ಮಾಡುತ್ತಿತ್ತು. ಅಂದರೆ ಗಲಾಟೆ ಇದ್ದಲ್ಲಿ ಒಂದು ಸೆಕೆಂಡಿಗೆ ಜಾಸ್ತಿ ಡೇಟಾ, ಮೌನ ಇದ್ದಲ್ಲಿ ಕಡಿಮೆ. ಶುರುವಿನಿಂದ ಕೇಳುತ್ತಾ ಬಂದರೆ ಏನೂ ತೊಂದರೆಯಿಲ್ಲ. ಆದರೆ "48:10ಕ್ಕೆ ಹೋಗು" ಅಂದಾಗ ಆ ಮಾತು ಫೈಲಿನ ಯಾವ ಜಾಗದಲ್ಲಿದೆ ಅಂತ ಪ್ಲೇಯರ್ ಅಂದಾಜು ಮಾಡಬೇಕು. ಅದಕ್ಕೆ ಸಹಾಯವಾಗಲಿ ಅಂತ ಇಂಥ ಫೈಲಿನ ಶುರುವಿನಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಕೋಷ್ಟಕ ಇರುತ್ತದೆ. ಅದರಲ್ಲಿ 100 ಗುರುತು ಮಾತ್ರ. ಒಂದೊಂದು ಗುರುತಿಗೂ ಒಂದೇ ಬೈಟ್, ಅಂದರೆ ಇಡೀ ಫೈಲನ್ನು 256 ತುಂಡು ಮಾಡಿ ಇಂತಿಷ್ಟನೇ ತುಂಡು ಅಂತ ಹೇಳಬಹುದು, ಅಷ್ಟೇ. ಐದು ನಿಮಿಷದ ಹಾಡಿಗೆ ಒಂದು ತುಂಡು ಸುಮಾರು ಒಂದು ಸೆಕೆಂಡ್, ಯಾರಿಗೂ ಗೊತ್ತಾಗುವುದಿಲ್ಲ. 2 ಗಂಟೆ 10 ನಿಮಿಷದ ಸಭೆಗೆ ಒಂದು ತುಂಡು ಸುಮಾರು 30 ಸೆಕೆಂಡ್. ಕೋಷ್ಟಕವೇ ಇಲ್ಲದ ಫೈಲಾದರೆ ಕೆಲವು ಪ್ಲೇಯರ್‌ಗಳು ಶುರುವಿನ ವೇಗ, ಅಂದರೆ ಅಲ್ಲಿ ಸೆಕೆಂಡಿಗೆ ಎಷ್ಟು ಡೇಟಾ ಇದೆ ಅಂತ ನೋಡಿ ಉಳಿದದ್ದನ್ನೂ ಅದೇ ವೇಗ ಅಂದುಕೊಳ್ಳುತ್ತವೆ. ಆಗ ನಿಮಿಷಗಟ್ಟಲೆ ತಪ್ಪುತ್ತದೆ. ನಮ್ಮದು ಈ ಜಾತಿ.

ಇನ್ನೂ ಕಿರಿಕಿರಿ ಏನೆಂದರೆ, ಹೀಗೆ ಹಾರಿದ ಮೇಲೆ ಪ್ಲೇಯರ್ ತೋರಿಸುವ ಸಮಯವೂ ತಪ್ಪೇ. ತಾನು 48:10ರಲ್ಲಿ ಇದ್ದೇನೆ ಅಂತ ಅದು ನಂಬಿಕೊಂಡಿರುತ್ತದೆ. ಬರೆಯುವಾಗ ನಾವು ಹಿಂದೆ ಮುಂದೆ ಎಳೆಯುತ್ತಲೇ ಇರುತ್ತೇವೆ, ಅಲ್ವಾ? ಓಟ್ರಾನ್ಸ್‌ಕ್ರೈಬ್ ಬ್ರೌಸರ್‌ನ ಪ್ಲೇಯರನ್ನೇ ನಂಬಿರುವುದರಿಂದ ಅಲ್ಲಿ `Ctrl+J` ಕೊಡುವ ಸಮಯವೂ ಕೆಟ್ಟಿರುತ್ತದೆ. ಆಡಾಸಿಟಿ ಈ ವಿಷಯದಲ್ಲಿ ಗಟ್ಟಿ. ಅದು ಇಡೀ ಫೈಲನ್ನು ಮೊದಲೇ ಬಿಡಿಸಿಟ್ಟುಕೊಳ್ಳುತ್ತದೆ, ಅಂದಾಜಿನ ಮಾತೇ ಇಲ್ಲ.

ಪರೀಕ್ಷೆ ಸುಲಭ. ಮಧ್ಯದ ಒಂದು ವಾಕ್ಯಕ್ಕೆ ಎಳೆದುಕೊಂಡು ಹೋಗಿ, ತೋರಿಸಿದ ಸಮಯ ಬರೆದುಕೊಳ್ಳಿ. ಆಮೇಲೆ ಅದೇ ಫೈಲನ್ನು ಶುರುವಿನಿಂದ ಮುಟ್ಟದೆ ಓಡಲು ಬಿಟ್ಟು, ಆ ವಾಕ್ಯ ಯಾವಾಗ ಬರುತ್ತದೆ ನೋಡಿ. ಎರಡೂ ಬೇರೆಯಾದರೆ ಇದೇ ರೋಗ. ಎರಡು ಪ್ಲೇಯರ್‌ಗಳು ಒಂದೇ ಫೈಲಿಗೆ ಬೇರೆಬೇರೆ ಒಟ್ಟು ಉದ್ದ ತೋರಿಸಿದರೂ ಅನುಮಾನ ಪಡಿ.

ಮದ್ದು ಒಂದೇ ಸಾಲು. `ffmpeg` ಅನ್ನೋ ಉಚಿತ ತಂತ್ರಾಂಶಕ್ಕೆ ಟರ್ಮಿನಲ್‌ನಲ್ಲಿ ಈ ಆಜ್ಞೆ ಕೊಟ್ಟು ಒಂದೇ ವೇಗದ, ಅಂದರೆ 'ಸಿಬಿಆರ್' ಎಂಪಿ3 ಮಾಡಿಕೊಳ್ಳುವುದು:

```
ffmpeg -i sabhe.mp3 -ac 1 -c:a libmp3lame -b:a 64k sabhe_64.mp3
```

ಪ್ರತಿ ಸೆಕೆಂಡಿಗೂ ಅಷ್ಟೇ ಡೇಟಾ ಇರುವುದರಿಂದ ಪ್ಲೇಯರ್ ಸುಮ್ನೆ ಗುಣಿಸಿದರೆ ಸಾಕು, ಸರಿಯಾದ ಜಾಗ ಸಿಗುತ್ತದೆ. ಮಾತಿಗೆ 64 ಕೆಬಿಪಿಎಸ್, ಒಂದೇ ಚಾನೆಲ್ ಧಾರಾಳ. ನಮ್ಮ ಸಭೆ ಸುಮಾರು 62 ಎಂಬಿ ಆಯಿತು. ಸಮಯ ಹಾಕೋಕೆ ಶುರುಮಾಡುವ ಮುಂಚೆಯೇ ಇದನ್ನು ಮಾಡಬೇಕು, ಮತ್ತು ನೀವು ಕೇಳಿದ ಫೈಲನ್ನೇ ಹಂಚಬೇಕು. ರೆಕಾರ್ಡರ್‌ನಲ್ಲಿ ವೇವ್ ಬಗೆ ಆರಿಸಿದರೂ ಈ ತೊಂದರೆ ಇಲ್ಲ, ಫೈಲ್ ಮಾತ್ರ ದೊಡ್ಡದಾಗುತ್ತದೆ.

ಸಮಯ ಎಲ್ಲಿ ಹಾಕುವುದು

ಇದಕ್ಕೆ ಯಾವ ತಂತ್ರಾಂಶವೂ ಸಹಾಯ ಮಾಡುವುದಿಲ್ಲ. ನಮ್ಮ ಬೋರ್‌ವೆಲ್ ವಿಷಯವನ್ನೇ ತೆಗೆದುಕೊಳ್ಳಿ. 48:10ಕ್ಕೆ ಖಜಾಂಚಿ "ಆಯ್ತು, ಅದರಲ್ಲೇ ಕೊಡೋಣ" ಅನ್ನುತ್ತಾರೆ. ಅಲ್ಲಿಗೇ ಗುರುತು ಹಾಕಿದರೆ ಕೇಳುವವರಿಗೆ 'ಅದರಲ್ಲೇ' ಅಂದರೆ ಯಾವುದರಲ್ಲಿ ಅಂತ ತಿಳಿಯುವುದಿಲ್ಲ. ದೊಡ್ಡ ರಿಪೇರಿಗೆ ಅಂತ ಸಂಘ ಕೂಡಿಟ್ಟ ಸಿಂಕಿಂಗ್ ಫಂಡ್ ಬಗ್ಗೆ ಪ್ರಶ್ನೆ ಕೇಳಿದ್ದು 47:50ಕ್ಕೆ. ಗುರುತು ಅಲ್ಲಿರಬೇಕು. ಟೀ ಆದ ಮೇಲೆ 1:31:40ಕ್ಕೆ ಮಾತು ಬದಲಾಯಿತು, ಪ್ರತಿ ಮನೆಯಿಂದಲೂ ಸಂಗ್ರಹಿಸಬೇಕು ಅಂತ ಕೈ ಎತ್ತಿಸಿದರು. ಒಂದೇ ಸಮಯ ಹಾಕಿದರೆ ಅರ್ಧ ಸತ್ಯ. ಹಾಗಾಗಿ ನಾನು ಬರೆದದ್ದು ಹೀಗೆ:

[0:47:50] ಬೋರ್‌ವೆಲ್ ರಿಪೇರಿ ಖರ್ಚನ್ನು ಸಿಂಕಿಂಗ್ ಫಂಡ್‌ನಿಂದ ಕೊಡಬಹುದು ಎಂದು ಖಜಾಂಚಿ ("ಫಂಡಲ್ಲಿ ದುಡ್ಡು ಇದೆಯಲ್ಲ ಸಾರ್…"). [1:31:40] ಅದು ಬೇಡ, ಪ್ರತಿ ಮನೆಯಿಂದ ಸಂಗ್ರಹ ಎಂದು ಕೈ ಎತ್ತಿ ತೀರ್ಮಾನ ("ಹಾಗಾದ್ರೆ ಎಲ್ಲರೂ ಒಪ್ಪಿದ್ರಾ…").

ಆವರಣದಲ್ಲಿರುವುದು ಆ ಜಾಗದಲ್ಲಿ ಮೊದಲು ಕಿವಿಗೆ ಬೀಳುವ ಮಾತು. ಸಮಯ ಒಂದಿಷ್ಟು ಜಾರಿದರೂ ಆ ಮಾತು ಕೇಳಿಸುವವರೆಗೆ ಹಿಂದೆ ಮುಂದೆ ಹುಡುಕಬಹುದು. ಸಮಯ ಸರಿಯಿದೆಯೋ ಇಲ್ಲವೋ ಅನ್ನುವುದೂ ತಕ್ಷಣ ತಿಳಿಯುತ್ತದೆ. ಎಲ್ಲ ಅಂಶಕ್ಕೂ ಹೀಗೆ ಬರೆಯೋಕೆ ನನಗೆ ತಾಳ್ಮೆಯಿಲ್ಲ. ದುಡ್ಡಿನ ವಿಷಯಕ್ಕೆ ಮತ್ತು ತೀರ್ಮಾನಗಳಿಗೆ ಮಾತ್ರ.

ಯಾರಿಗೆ ಯಾವುದು

ನಾನು ಕೂತು ಟೈಪ್ ಮಾಡುವವನು, ಸಂಘ ಒಂದು ಪೈಸೆ ಬಿಚ್ಚುವುದಿಲ್ಲ, ರೆಕಾರ್ಡಿಂಗ್ ಹೊರಗೆ ಹೋಗಬಾರದು. ಈ ಮೂರೂ ಇದ್ದರೆ ಓಟ್ರಾನ್ಸ್‌ಕ್ರೈಬ್ ಮತ್ತು ಸಿಬಿಆರ್ ಫೈಲು. ಸಾರ್ವಜನಿಕ ಉಪನ್ಯಾಸದ ಸಾರಾಂಶವಾದರೆ ನಾನೂ ಕಣ್ಣುಮುಚ್ಚಿ ಯೂಟ್ಯೂಬ್ ಲಿಂಕೇ ಹಾಕುತ್ತೇನೆ, ಮುಚ್ಚಿಡೋಕೆ ಅಲ್ಲಿ ಏನೂ ಇಲ್ಲ.

ಯಾವುದನ್ನು ಬಳಸಿದರೂ ಸಾರಾಂಶದ ಮೊದಲ ಸಾಲಿನಲ್ಲಿ ಫೈಲಿನ ಹೆಸರು ಮತ್ತು ಒಟ್ಟು ಉದ್ದ ಹಾಕಿ: `sabhe_64.mp3`, 2:10:04. ಓದುವವರ ಹತ್ತಿರ ಇರುವ ಫೈಲು 2:03:44 ಅಂತ ತೋರಿಸಿದರೆ ಅದು ಯಾರೋ ಕತ್ತರಿಸಿದ ಬೇರೆ ಪ್ರತಿ. ಅದರಲ್ಲಿ ನಿಮ್ಮ ಸಮಯ ಹುಡುಕುತ್ತಾ ಕೂರುವ ಬದಲು ಮೂಲ ಫೈಲನ್ನು ಕೇಳಿ ತರಿಸಿಕೊಳ್ಳುತ್ತಾರೆ.