ಒಮೆಗಾ-ಟಿ ಪದಪಟ್ಟಿ: ಎರಡು ಮಳೆಗಾಲ ಬಳಸಿದ ಮೇಲೆ

ಶಿರಸಿಯಲ್ಲಿ ಕೂತು ಫ್ರೆಂಚ್ ಸ್ಪ್ರೇಯರ್ ಯಂತ್ರದ ಕೈಪಿಡಿಯನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಒಂದೇ ಕಂಪನಿಯ ದಪ್ಪ ಪುಸ್ತಕ, ಭಾಗ ಭಾಗವಾಗಿ ಬರುತ್ತದೆ. ಒಮೆಗಾ-ಟಿ ಅನುವಾದಕರಿಗಾಗಿ ಇರುವ ಉಚಿತ ತಂತ್ರಾಂಶ, ನೆಟ್ ಇಲ್ಲದೆಯೂ ಓಡುತ್ತದೆ. ಮಳೆಗಾಲದಲ್ಲಿ ನೆಟ್ ಹೋಗುವ ನಮ್ಮೂರಿಗೆ ಇದೊಂದೇ ಸಾಕು ಅನ್ನಿಸಿತ್ತು. ಉಳಿದ ಸೌಲಭ್ಯಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಬಿಡಿ. ನಾನು ಹೇಳುವುದು ಅದರ ಪದಪಟ್ಟಿಯ ಬಗ್ಗೆ ಮಾತ್ರ.

ಪದಪಟ್ಟಿ ಅಂದರೆ ಬರೀ ಒಂದು ಟೆಕ್ಸ್ಟ್ ಫೈಲ್. ಮೂರು ಕಾಲಂ, ನಡುವೆ ಟ್ಯಾಬ್: ಮೂಲ ಪದ, ನಮ್ಮ ಪದ, ಟಿಪ್ಪಣಿ. ಅನುವಾದ ಮಾಡುತ್ತಿರುವಾಗಲೇ `Ctrl+Shift+G` ಒತ್ತಿದರೆ ಹೊಸ ಪದ ಸೇರಿಸಬಹುದು. ನನ್ನ ಫೈಲಿನ ಒಂದು ತುಂಡು ಹೀಗಿದೆ:

```
clapet	ಚೆಕ್ ವಾಲ್ವ್	ಒಂದೇ ದಿಕ್ಕಿಗೆ ಬಿಡುತ್ತದೆ
vanne	ಬಾಲ್ ವಾಲ್ವ್	ಕೈಯಲ್ಲಿ ತಿರುಗಿಸುವುದು
soupape	ಸೇಫ್ಟಿ ವಾಲ್ವ್	ಒತ್ತಡ ಜಾಸ್ತಿಯಾದರೆ ತೆರೆಯುತ್ತದೆ
bouillie	ಸಿಂಪಡಣೆ ದ್ರಾವಣ	ಯಾವ ಮದ್ದಾದರೂ; ಬೋರ್ಡೋ ಮಾತ್ರ ಅಲ್ಲ
fond de cuve	ತಳದ ಉಳಿಕೆ	ಪಂಪ್ ಎಳೆಯಲಾಗದೆ ಉಳಿದ ದ್ರಾವಣ
```

ಮೊದಲ ಮೂರನ್ನು ನೋಡಿ. ಇಂಗ್ಲಿಷ್ ಅನುವಾದಗಳಲ್ಲಿ ಮೂರಕ್ಕೂ ಸುಮ್ನೆ ‘ವಾಲ್ವ್’ ಅಂತ ಬರೆದುಬಿಡುತ್ತಾರೆ. ಒತ್ತಡದ ಗೇಜಿನ ಮುಳ್ಳು ನಡುಗುತ್ತಿದ್ದರೆ ಪಂಪಿನೊಳಗಿನ ‘ಕ್ಲಾಪೆ’ ಬಿಚ್ಚಿ ತೊಳೆಯಿರಿ ಅಂತ ಕೈಪಿಡಿಯಲ್ಲಿ ಒಂದು ಕಡೆ ಇದೆ. ಸಂಜೆ ಪಂಪ್ ರಿಪೇರಿ ಅಂಗಡಿಗೆ ಹೋಗಿ ಅಲ್ಲಿಯವರ ಬಾಯಿಂದ ಹೆಸರು ಕೇಳಿ ಬರುವುದು ನನ್ನ ರೂಢಿ. ಈ ಸಾಲು ಓದಿದಾಗ ಮೆಕ್ಯಾನಿಕ್ ನಕ್ಕರು: “ಚೆಕ್ ವಾಲ್ವ್ ಅಂತ ಬರೀರಿ ಮಾರಾಯ್ರೆ. ಬರೀ ವಾಲ್ವ್ ಅಂದ್ರೆ ಸೇಫ್ಟಿ ವಾಲ್ವನ್ನೇ ಬಿಚ್ಚಿ ಕೂರ್ತಾರೆ.” ಅಂಗಡಿಯಿಂದ ಬಂದ ಮಾತು ಟಿಪ್ಪಣಿ ಕಾಲಮ್ಮಿಗೆ ಹೋಗುತ್ತದೆ. ತಿಂಗಳುಗಳ ನಂತರ ಅದೇ ಪದ ಇನ್ನೊಂದು ಅಧ್ಯಾಯದಲ್ಲಿ ಬಂದಾಗ ಪಕ್ಕದ ಕಿಟಕಿಯಲ್ಲಿ ಟಿಪ್ಪಣಿ ಸಮೇತ ಕಾಣುತ್ತದೆ. ಈ ಖುಷಿಗೆ ನಾನು ದುಡ್ಡು ಕೊಡಲೂ ತಯಾರಿದ್ದೆ.

ನಾಲ್ಕನೆಯದು ನಮ್ಮ ಅಡಿಕೆ ಸೀಮೆಯ ಬಲೆ. ‘ಬುಯಿ’ ಅಂದ ಕೂಡಲೇ ಕೊಳೆಮದ್ದು, ಅಂದರೆ ಸುಣ್ಣ ಮತ್ತು ಮೈಲುತುತ್ತದ ಬೋರ್ಡೋ, ನೆನಪಾಗುತ್ತದೆ. ಫ್ರೆಂಚಿನವರೂ ಅದನ್ನು ‘ಬುಯಿ ಬೋರ್ಡೆಲೇಸ್’ ಅಂತಲೇ ಕರೆಯುತ್ತಾರೆ. ಆದರೆ ಸ್ಪ್ರೇಯರ್ ಕೈಪಿಡಿಯಲ್ಲಿ ಟ್ಯಾಂಕಿಗೆ ಬೆರೆಸಿ ಹಾಕಿದ್ದೆಲ್ಲ ಬುಯಿಯೇ. ಎಲ್ಲ ಕಡೆ ಬೋರ್ಡೋ ಅಂತ ಬರೆದರೆ ಕಳೆನಾಶಕದ ಅಧ್ಯಾಯ ಹಾಳಾಗುತ್ತದೆ.

ಇಲ್ಲಿಯವರೆಗೆ ಐದಕ್ಕೆ ಐದು ನಕ್ಷತ್ರ. ಈಗ ಕಿರಿಕಿರಿ ಕೇಳಿ.

ತಂತ್ರಾಂಶಕ್ಕೆ ಫ್ರೆಂಚ್ ವ್ಯಾಕರಣ ಸ್ವಲ್ಪ ಗೊತ್ತು. ಪಟ್ಟಿಯಲ್ಲಿ ಏಕವಚನ ಇದ್ದರೂ ಬಹುವಚನ ಬಂದಾಗ ಪದವನ್ನು ಹಿಡಿಯುತ್ತದೆ. ಕನ್ನಡದ ಪ್ರತ್ಯಯ ಮಾತ್ರ ಅದಕ್ಕೆ ತಿಳಿಯದು. ಅನುವಾದ ಮುಗಿದ ಮೇಲೆ `Ctrl+Shift+V` ಒತ್ತಿದರೆ ಪಟ್ಟಿಯ ಪದ ಎಲ್ಲಿ ಬಳಕೆಯಾಗಿಲ್ಲ ಅಂತ ತೋರಿಸಬೇಕು, ಅಲ್ವಾ? ನನಗೆ ತೋರಿಸಿದ್ದು ಸರಿಯಾಗಿರುವ ಸಾಲುಗಳನ್ನೇ. ನಾವು ‘ಚೆಕ್ ವಾಲ್ವ್’ ಅಂತ ಹಾಗೇ ಬಿಡುವುದು ಅಪರೂಪ. ‘ವಾಲ್ವನ್ನು’, ‘ವಾಲ್ವಿನ’, ‘ವಾಲ್ವಿಗೆ’ ಅಂತೇವೆ. ಪ್ರತ್ಯಯ ಹತ್ತಿದ ಕೂಡಲೇ ಕೊನೆಯ ಅರ್ಧಾಕ್ಷರ ಮಾಯ. ನಮ್ಮ ಕಣ್ಣಿಗೆ ಅದೇ ಪದ, ಕಂಪ್ಯೂಟರಿಗೆ ಬೇರೆ. ಸುಳ್ಳು ದೂರುಗಳ ರಾಶಿಯಲ್ಲಿ ನಿಜವಾದ ತಪ್ಪು ಅಡಗಿಬಿಡುತ್ತದೆ. ಒಂದು ಭಾನುವಾರ ಪೂರ್ತಿ ಇದರಲ್ಲೇ ಹೋಯಿತು, ಸಿಟ್ಟು ಬಂದು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಈಗ ಆ ತಪಾಸಣೆಯನ್ನು ನಂಬುವುದು ಬಿಟ್ಟಿದ್ದೇನೆ. ಬದಲಿಗೆ `Ctrl+F` ಒತ್ತಿ ಮೂಲದಲ್ಲಿ `clapet` ಹುಡುಕುತ್ತೇನೆ. ಅದಿರುವ ಸಾಲುಗಳು ಅನುವಾದದ ಜೊತೆ ಒಂದರ ಕೆಳಗೊಂದು ಬರುತ್ತವೆ, ಕಣ್ಣಾಡಿಸಿದರೆ ಬೇರೆ ಪದ ಹಾಕಿದ್ದು ತಕ್ಷಣ ಕಾಣುತ್ತದೆ. ಆಮೇಲೆ ಅನುವಾದದ ಕಡೆ ‘ಚೆಕ್ ವಾಲ್ವ’ ಅಂತ ಹುಡುಕುತ್ತೇನೆ, ಕೊನೆಯ ಅರ್ಧಾಕ್ಷರದ ಗುರುತು ಬಿಟ್ಟು. ಆಗ ಎಲ್ಲ ವಿಭಕ್ತಿಗಳೂ ಸಿಗುತ್ತವೆ. ‘ದ್ರಾವಣ’ದಂಥ ಪದಕ್ಕೆ ಈ ಉಪಾಯವೂ ಬೇಡ, ಪ್ರತ್ಯಯ ಹತ್ತಿದರೂ ಮೂಲ ರೂಪ ಹಾಗೇ ಉಳಿಯುತ್ತದೆ. ಎಲ್ಲ ಪದಕ್ಕೂ ಹೀಗೆ ಕೂರಲು ಆಗುವುದಿಲ್ಲ. ತಪ್ಪಿದರೆ ಕೈ ಸುಡುವ, ಯಂತ್ರ ಕೆಡುವ ಪದಗಳಿಗೆ ಮಾತ್ರ ಮಾಡುತ್ತೇನೆ.

ಹಾಗಾಗಿ ಮೂರೂವರೆ ನಕ್ಷತ್ರ. ತಿಂಗಳ ಬಾಡಿಗೆಯ ತಂತ್ರಾಂಶ ಕೊಳ್ಳುವಷ್ಟು ಕೆಲಸ ನನಗಿಲ್ಲ, ಕನ್ನಡದ ಪ್ರತ್ಯಯ ಅರಿತದ್ದು ಬಂದರೆ ಆಗ ಯೋಚಿಸುವೆ. ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದಿಸುವವರಿಗೆ ನನ್ನಷ್ಟು ತಲೆನೋವಾಗದು. ಕನ್ನಡಕ್ಕೆ ಮಾಡುವವರು ಮೊದಲ ದಿನದಿಂದಲೇ ಟಿಪ್ಪಣಿ ಕಾಲಂ ತುಂಬಿಸಿ.