ತೇಲುವ ದ್ವೀಪಕ್ಕೆ ಒಂದೇ ಹವೆ: Match Color, Color Lookup, ಕೈಯಿಂದ ಹಚ್ಚಿದ ಮಬ್ಬು

ಬೇರೆ ಬೇರೆ ಫೋಟೋಗಳಿಂದ ಜೋಡಿಸಿದ ತೇಲುವ ದ್ವೀಪ ಒಂದೇ ಆಕಾಶದ ಗಾಳಿಯಲ್ಲಿ ಇದ್ದಂತೆ ಕಾಣಲು ಬಣ್ಣ ಹೊಂದಿಸುವ ಈ ಮೂರು ವಿಧಾನಗಳಲ್ಲಿ ನನ್ನ ಆಯ್ಕೆ ಮೂರನೆಯದು, ಅಂದರೆ ಆಕಾಶದಿಂದ ಎತ್ತಿಕೊಂಡ ಬಣ್ಣವನ್ನು ದ್ವೀಪದ ಮೇಲೆ ತೆಳುವಾಗಿ ಹೊದಿಸುವುದು. ಫೋಟೋಶಾಪಿನಲ್ಲಿ ಮೂರನ್ನೂ ಒಂದೇ ಕೊಲಾಜಿನ ಮೇಲೆ ನಡೆಸಿ ನೋಡಿದ ಮೇಲಿನ ಮಾತಿದು. ಮೋಡದ ಸಾಗರವಿರುವ ಆಕಾಶ, ಮರವಿರುವ ಹುಲ್ಲುಗುಡ್ಡ, ದ್ವೀಪದ ತಳವಾಗಲೆಂದು ತಲೆಕೆಳಗಾಗಿಸಿದ ಬಂಡೆ: ಒಟ್ಟು ಮೂರು ಫೋಟೋ.

ಒಂದು ಚಿತ್ರದ ಬಣ್ಣವನ್ನು ಇನ್ನೊಂದಕ್ಕೆ ಹೊಂದಿಸುವ Match Color ಕೆಲಸ ಬೇಗ ಮುಗಿಸುತ್ತದೆ, ಆದರೆ ಅದು ಲೆಕ್ಕ ಹಾಕುವುದು ಇಡೀ ಚಿತ್ರದ ಒಟ್ಟಾರೆ ಬಣ್ಣವನ್ನು. ಆಕಾಶದ ತುಂಬ ಬಿಳಿ, ನೀಲಿ ಇದ್ದರೆ ಹುಲ್ಲು ಬೂದುಬಣ್ಣಕ್ಕೆ ತಿರುಗುತ್ತದೆ. ಅದರ ಪರಿಣಾಮವನ್ನು ತಗ್ಗಿಸುವ Fade ಹೆಚ್ಚಿಸಿದರೆ ಹಸಿರು ಮರಳುತ್ತದೆ, ಅದರ ಜೊತೆ ಹಳೆಯ ಹೊಂದಾಣಿಕೆಯಿಲ್ಲದ ನೆರಳೂ ಮರಳುತ್ತದೆ. ಇದು ಅಡ್ಜಸ್ಟ್‌ಮೆಂಟ್ ಲೇಯರ್ ಆಗಿಯೂ ಸಿಗುವುದಿಲ್ಲ. ಆಕಾಶ ಬದಲಿಸಿದರೆ ಮೊದಲಿನಿಂದ ಶುರು.

Color Lookup ಸಿದ್ಧ ಬಣ್ಣದ ಕೋಷ್ಟಕವೊಂದನ್ನು ಬಳಸಿ ಎಲ್ಲದರ ಮೇಲೂ ಒಂದೇ ಬದಲಾವಣೆ ಹೇರುತ್ತದೆ. ಫೋಟೋಗಳ ನಡುವೆ ಮೊದಲಿದ್ದ ವ್ಯತ್ಯಾಸ ಬಣ್ಣ ಬದಲಿಸಿಕೊಂಡು ಅಲ್ಲೇ ಉಳಿಯುತ್ತದೆ. ಕೊನೆಯ ಲೇಪವಾಗಿ ಶೇ 20–30ರ ಅಪಾಸಿಟಿಯಲ್ಲಿ ಚೆಂದ, ಅಷ್ಟೆ.

ಮಬ್ಬಿನ ವಿಧಾನ ಗೆಲ್ಲುವುದಕ್ಕೆ ಕಾರಣ, ಗಾಳಿ ಮಾಡುವುದೂ ಅದನ್ನೇ. ದೂರ ಹೆಚ್ಚಿದಂತೆ ವಸ್ತುವಿನ ಬಣ್ಣ ತೆಳುವಾಗಿ, ನಡುವಿನ ಗಾಳಿಯ ಬಣ್ಣ ಸೇರಿಕೊಳ್ಳುತ್ತದೆ. ಅದು ಮೊದಲು ಕಾಣುವುದು ಕಪ್ಪಿನಲ್ಲಿ. ದೂರದ ನೆರಳು ಎಂದೂ ಕಡುಕಪ್ಪಾಗಿರುವುದಿಲ್ಲ. ಹಾಗಾಗಿ ದ್ವೀಪದ ಲೇಯರ್‌ಗಳನ್ನು ಒಂದು ಗ್ರೂಪಿಗೆ ಹಾಕಿ, ಅದರ ಮೇಲೆ Solid Color ಲೇಯರ್ ಇಟ್ಟು, Ctrl+Alt+G ಒತ್ತಿ ಗ್ರೂಪಿಗೆ ಕ್ಲಿಪ್ ಮಾಡಿ, ಆಗ ಬಣ್ಣ ದ್ವೀಪದ ಮೇಲಷ್ಟೇ ಬೀಳುತ್ತದೆ. ಬಣ್ಣವನ್ನು ದಿಗಂತದ ಅಂಚಿನಿಂದ ಎತ್ತಿ. ಈ ಚಿತ್ರದಲ್ಲಿ ಅದು ಕೆಂಪು, ಹಸಿರು, ನೀಲಿ ಕ್ರಮದಲ್ಲಿ 186, 198, 212. ಬ್ಲೆಂಡ್ ಮೋಡ್ Normal, ಅಪಾಸಿಟಿ ಶೇ 40. ಶುದ್ಧ ಕಪ್ಪು ಈಗ 74, 79, 85 ಆಗುತ್ತದೆ.

ಇಲ್ಲೇ ತಲೆನೋವು ಶುರು, ಹೆಚ್ಚಿನ ಕೊಲಾಜುಗಳು ಕೆಡುವುದೂ ಇಲ್ಲೇ. ಬಂಡೆಯ ಫೋಟೋ ದೂರದಿಂದ ತೆಗೆದದ್ದು, ಅದರಲ್ಲಿ ಆಗಲೇ ಮಬ್ಬಿದೆ. ಹುಲ್ಲುಗುಡ್ಡದ ಅತಿ ಗಾಢ ನೆರಳು 9, 11, 8 ಇದ್ದರೆ ಬಂಡೆಯದು 58, 66, 80. ಎರಡಕ್ಕೂ ಶೇ 40ರ ಮಬ್ಬು ಹಾಕಿದರೆ ಹುಲ್ಲಿನದು 80, 86, 90ಕ್ಕೆ ನಿಲ್ಲುತ್ತದೆ, ಬಂಡೆಯದು 109, 119, 133ಕ್ಕೆ ಏರುತ್ತದೆ. ಹುಲ್ಲು ಹತ್ತಿರ, ಅದನ್ನು ಹೊತ್ತ ಬಂಡೆ ಒಂದು ಮೈಲಿ ಹಿಂದೆ ಇದ್ದಂತೆ ಕಾಣುತ್ತದೆ. ದ್ವೀಪ ಎರಡು ತುಂಡಾಗುತ್ತದೆ. ಅಪಾಸಿಟಿ ಎಷ್ಟು ತಿರುಗಿಸಿದರೂ ಇದು ಸರಿಹೋಗದು.

ಆದ್ದರಿಂದ ಮಬ್ಬು ಹಾಕುವ ಮೊದಲು ಹಳೆಯ ಮಬ್ಬು ತೆಗೆಯಬೇಕು. ಬಂಡೆಗೆ ಮಾತ್ರ ಕ್ಲಿಪ್ ಮಾಡಿದ Levels ಲೇಯರಿನಲ್ಲಿ ಮೂರೂ ಚಾನೆಲ್ ಬೇರೆ ಬೇರೆಯಾಗಿ ತೆರೆದು, ಎಡಗಡೆಯ ಕಪ್ಪು ಸ್ಲೈಡರನ್ನು ಕೆಂಪಿಗೆ 50, ಹಸಿರಿಗೆ 56, ನೀಲಿಗೆ 73ಕ್ಕೆ ತನ್ನಿ. ಬಂಡೆಯ ನೆರಳು ಸುಮಾರು 10, 13, 10ಕ್ಕೆ ಇಳಿದು ಹುಲ್ಲಿನ ಪಕ್ಕ ಬಂದು ನಿಲ್ಲುತ್ತದೆ. ಅಳೆಯುವಾಗ ಐಡ್ರಾಪರನ್ನು 5 by 5 Averageಗೆ ಇಡಿ, ಇಲ್ಲದಿದ್ದರೆ ಒಂದೇ ಪಿಕ್ಸೆಲಿನ ನಾಯ್ಸ್ ದಾರಿ ತಪ್ಪಿಸುತ್ತದೆ. ಹೀಗೆ ಎಳೆದಾಗ ನಾಯ್ಸೂ ಬಣ್ಣದ ಗಾಢತೆಯೂ ಹೆಚ್ಚುತ್ತವೆ. ಬಣ್ಣಕ್ಕೆ ಬಂಡೆಯ Saturation 15ರಷ್ಟು ಇಳಿಸಿದರೆ ಸಾಮಾನ್ಯವಾಗಿ ಸಾಕು. ಅತಿ ಗಾಢ ನೆರಳೇ 100 ದಾಟಿರುವ ಜೆಪೆಗ್ ಆದರೆ ಆ ಫೋಟೋ ಬಿಡುವುದೇ ಲೇಸು, ಎಳೆದಷ್ಟೂ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ.

ತಳದ ನೆರಳನ್ನು ಮಬ್ಬಿನ ಕೆಳಗಿನ ಲೇಯರಿನಲ್ಲೇ ಹಚ್ಚಬೇಕು. ಮಬ್ಬಿನ ಮೇಲೆ ಹಚ್ಚಿದರೆ ಕಪ್ಪು ಮತ್ತೆ 74ಕ್ಕಿಂತ ಕೆಳಗಿಳಿದು, ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ.

ಇನ್ನು ಬೆಳಕು. ಬಂಡೆಯನ್ನು ತಲೆಕೆಳಗು ಮಾಡಿದಾಗ ಮೇಲಿನಿಂದ ಬಿದ್ದ ಬಿಸಿಲು ಕೆಳಗಿನಿಂದ ಬಿದ್ದಂತಾಗುತ್ತದೆ, ಇದನ್ನು ಯಾವ ವಿಧಾನವೂ ಸರಿಪಡಿಸುವುದಿಲ್ಲ. ಮೋಡ ಕವಿದ ದಿನದ ಬಂಡೆಯನ್ನೇ ಆರಿಸಿ.

ಹೊಂದಿತೋ ಇಲ್ಲವೋ ತಿಳಿಯಲು ಎಲ್ಲದರ ಮೇಲೆ Hue/Saturation ಲೇಯರ್ ಇಟ್ಟು Saturation +100 ಮಾಡಿ. ದ್ವೀಪದ ನೆರಳು ಒಂದು ಕಡೆ ನೀಲಿ, ಇನ್ನೊಂದು ಕಡೆ ಕಂದು ಕಂಡರೆ Levelsಗೆ ಮರಳಬೇಕು. ನೋಡಿದ ಮೇಲೆ ಆ ಲೇಯರ್ ಅಳಿಸಿ.

ಸಮಯದ ಲೆಕ್ಕದಲ್ಲಿ Match Color ಮುಂದೆ. ಒಂದೇ ಸಲ ಮಾಡಿ ಮರೆಯುವವರಿಗೆ, ಅದೂ ಒಂದೇ ಬಗೆಯ ಬೆಳಕಿನ ಫೋಟೋಗಳಾದರೆ, ಅದು ಸಾಕಾದೀತು. ನಾನು ಆಕಾಶವನ್ನು ಮೂರು ನಾಲ್ಕು ಸಲ ಬದಲಿಸುವವನು. ಮಬ್ಬಿನ ಲೇಯರ್ ಇದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಹೊಸ ದಿಗಂತದ ಬಣ್ಣ ಎತ್ತಿದರೆ ಮುಗಿಯಿತು. ದುಡ್ಡು ಹಾಕಲು ಮನಸ್ಸಿಲ್ಲದವರು ಇದನ್ನೇ ಬ್ರೌಸರಿನಲ್ಲಿ ಉಚಿತವಾಗಿ ಸಿಗುವ ಫೋಟೋಪಿಯದಲ್ಲೂ ಮಾಡಬಹುದು. ಬೇಕಾಗಿರುವುದು ಕ್ಲಿಪ್ಪಿಂಗ್, Levels ಮತ್ತು ಒಂದು ಬಣ್ಣದ ಲೇಯರ್ ಮಾತ್ರ.